ಹೂಂ ಅಂದರೆ ಒಪ್ಪಿಗೆಯಲ್ಲ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲೆ ಉಚ್ಚಂಗಮ್ಮನ ಆಫೀಸಿದೆ. ಆಫೀಸೆಂದರೆ ಎರಡು ಮೇಜು, ಎರಡು ಕಂಪ್ಯೂಟರು, ಬಂದವರು ಕೂರಲು ಮೂರು ಕುರ್ಚಿ. ಊರಿನ ಅಂಗಡಿಗಳವರಿಗೆ ಫೇಸ್‌ಬುಕ್ ಪೇಜು ನೋಡಿಕೊಳ್ಳುವುದು, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಫೋಟೋ, ವೇಳೆ, ಫೋನ್ ನಂಬರು ಸರಿಯಾಗಿ ಇಡುವುದು, ಗಿರಾಕಿಗಳು ಬರೆದದ್ದಕ್ಕೆ ಉತ್ತರ ಕೊಡುವುದು, ಇದು ಅವಳ ಕೆಲಸ. ಜೊತೆಗೆ ಹೊಸದುರ್ಗದ ಪ್ರೀತಿ ಇದ್ದಾಳೆ. ಎರಡು ಮಕ್ಕಳ ತಾಯಿ, ಚಿತ್ರ ಜೋಡಿಸುವುದರಲ್ಲಿ ಕೈ ಚುರುಕು, ಬಾಯಿ ಇನ್ನೂ ಚುರುಕು.

ಇದಕ್ಕೆ ಮೊದಲು ಉಚ್ಚಂಗಮ್ಮ ಹನ್ನೊಂದು ವರ್ಷ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಜನರ ಅರ್ಜಿ ಹೊಡೆದವಳು. ಹೊಳಲ್ಕೆರೆ ಕಡೆಯ ಕೂಲಿ ಮನೆಯ ಮಗಳು. ಹಳೇ ಕಾಲದ ದೇವಿಯ ಹೆಸರಿಟ್ಟಿದ್ದಾರೆ, ಬದಲಾಯಿಸಿಕೋ ಎಂದು ಕಾಲೇಜಿನ ಗೆಳತಿಯರು ಎಷ್ಟು ಹೇಳಿದರೂ ಕೇಳದ ಹಟಮಾರಿ. ಅರ್ಜಿಯಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಬಡವನೊಬ್ಬ ಮತ್ತೆ ನಲವತ್ತು ಕಿಲೋಮೀಟರ್ ಬಸ್ಸು ಹತ್ತಬೇಕಾಗುತ್ತದೆ ಎಂಬುದನ್ನು ಅವಳು ಅಲ್ಲಿ ದಿನಾ ಕಂಡಳು. ಖಾಲಿ ಜಾಗ ಕಂಡರೆ ಇವತ್ತಿಗೂ ಅವಳಿಗೆ ಸಮಾಧಾನವಿರುವುದಿಲ್ಲ.

ಇಷ್ಟು ಹುಷಾರಿದ್ದವಳೂ ಹೋದ ವರ್ಷ ಜಾರಿದಳು. ಹೊಳಲ್ಕೆರೆಯಲ್ಲಿ ಕಲ್ಯಾಣ ಮಂಟಪ ನಡೆಸುವ ಮುರುಗೇಶಪ್ಪ ಎಂಬವರು ಅವಳ ಗಿರಾಕಿ. ಮಂಟಪಕ್ಕೆ ಸುಣ್ಣ ಬಣ್ಣ ನಡೆಯುತ್ತಿತ್ತು. ಇವಳು ಫೋನ್ ಮಾಡಿ, "ತಿಂಗಳ ಮಟ್ಟಿಗೆ ಮುಚ್ಚಿದೆ ಅಂತ ಮ್ಯಾಪಿನಾಗೆ ಹಾಕ್ಲಾ ಸಾರ್?" ಎಂದಳು. ಆ ಕಡೆಯಿಂದ "ಹೂಂ" ಎಂದು ಬಂತು. ಹಾಕಿದಳು. ಅವರು ಹೂಂ ಎಂದದ್ದು ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಎಂಬ ಅರ್ಥದಲ್ಲಿ. ಮುಂದಿನ ಲಗ್ನಗಳಿಗೆ ಮಂಟಪ ಹುಡುಕುತ್ತಿದ್ದವರೆಲ್ಲ ಮುಚ್ಚಿದೆ ಎಂದು ನೋಡಿ ಬೇರೆ ಕಡೆ ಹೋದರು. "ಉಚ್ಚಂಗಮ್ಮ ನಮ್ಮನ್ನ ಕೇಳ್ದೇನೇ ಹಾಕಿಬಿಡ್ತಾಳೆ" ಎಂಬ ಮಾತನ್ನು ಮುರುಗೇಶಪ್ಪನವರು ಅಡಿಕೆ ಮಂಡಿಯ ತುಂಬ ಹಂಚಿದರು. ಎರಡು ತಿಂಗಳಲ್ಲಿ ಮೂರು ಗಿರಾಕಿಗಳು ಕೈಬಿಟ್ಟು ಹೋದರು. ಉಳಿದವರು ಇಬ್ಬರೇ. ಇನ್ನೊಂದು ಇಂಥ ಎಡವಟ್ಟಾದರೆ ಬಾಗಿಲು ಎಳೆದುಕೊಂಡು ಮತ್ತೆ ಟೈಪಿಂಗ್ ಅಂಗಡಿಗೆ ಹೋಗಬೇಕು ಎಂಬುದು ಅವಳಿಗೂ ಗೊತ್ತಿತ್ತು, ಪ್ರೀತಿಗೂ ಗೊತ್ತಿತ್ತು.

ಆಗ ಅವಳು ಮೂರು ಕಾಗದ ತಯಾರು ಮಾಡಿದಳು. ಮೊದಲನೆಯದು ಪರಿಚಯ ಪತ್ರ. ಹದಿನೆಂಟು ಪ್ರಶ್ನೆ: ವ್ಯಾಪಾರ ಯಾರ ಹೆಸರಿನಲ್ಲಿದೆ, ಏನು ಮಾರುತ್ತೀರಿ, ಕೊಳ್ಳುವವರು ಯಾರು, ಯಾವ ಮಾತು ಬರೆಯಬಾರದು, ಕೊನೆಯ ಒಪ್ಪಿಗೆ ಯಾರದು, ಹೀಗೆ. ಎರಡನೆಯದು ಬೀಗದ ಕೈ ಪಟ್ಟಿ. ಯಾವ ಖಾತೆ, ಅದರ ಒಡೆಯ ಯಾರು, ಓಟಿಪಿ ಎನ್ನುವ ಗುಟ್ಟಿನ ಸಂಖ್ಯೆ ಯಾವ ಫೋನಿಗೆ ಬರುತ್ತದೆ, ಹಳಬರಲ್ಲಿ ಯಾರನ್ನು ತೆಗೆಯಬೇಕು, ನಮಗೆ ಎಷ್ಟರ ಮಟ್ಟಿಗೆ ಪ್ರವೇಶ ಬೇಕು, ಕೆಲಸ ಮುಗಿದ ಮೇಲೆ ನಮ್ಮನ್ನು ಯಾವತ್ತು ತೆಗೆದಿರಿ, ಎಲ್ಲಕ್ಕೂ ಒಂದೊಂದು ಚೌಕದ ಮನೆ. ಪಟ್ಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, "ಪಾಸ್‌ವರ್ಡ್ ಬರೆಯಬೇಡಿ, ನಮಗೂ ಹೇಳಬೇಡಿ" ಎಂದಿತ್ತು. ಖಾತೆ ಗಿರಾಕಿಯದೇ, ಇವಳು ಬರೀ ನೋಡಿಕೊಳ್ಳುವವಳು.

ಮೂರನೆಯದು ಮಾತಿನ ಕರಾರು. ಯಾವ ನಂಬರಿಗೆ ಮಾತಾಡಬೇಕು, ಯಾವ ಹೊತ್ತಿನಲ್ಲಿ, ಎಷ್ಟು ದಿನದೊಳಗೆ ಉತ್ತರ, ತುರ್ತು ಎಂದರೆ ಯಾವುದು. ಅದರಲ್ಲಿ ನಾಲ್ಕನೇ ಸಾಲು ಹೀಗಿತ್ತು: ಹೂಂ ಅಂದರೆ ಒಪ್ಪಿಗೆಯಲ್ಲ. ಹೆಬ್ಬೆರಳಿನ ಚಿತ್ರವೂ ಒಪ್ಪಿಗೆಯಲ್ಲ. ಸುಮ್ಮನಿದ್ದರಂತೂ ಅಲ್ಲವೇ ಅಲ್ಲ. "ಒಪ್ಪಿದೆ" ಎಂಬ ಮಾತು ಬಂದರೆ ಮಾತ್ರ ಹಾಕುತ್ತೇವೆ.

"ಇಷ್ಟೆಲ್ಲ ಕಾಗದ ನೋಡಿದ್ರೆ ಬಂದೋರೂ ಎದ್ದು ಹೋಗ್ತಾರೆ ಅಕ್ಕ" ಎಂದು ಪ್ರೀತಿ ಮೂಗು ಮುರಿದಳು.

"ಎದ್ದು ಹೋದ್ರೆ ಈಗ್ಲೇ ಹೋಗ್ಲಿ ಬಿಡು" ಎಂದಳು ಉಚ್ಚಂಗಮ್ಮ. ಬಾಯಲ್ಲಿ ಹಾಗಂದಳೇ ಹೊರತು, ಅವಳಿಗೂ ಅಳುಕಿತ್ತು.

ಈ ಕಾಗದಗಳನ್ನು ಮೊದಲು ಹಿಡಿದದ್ದು ಹೊಸದಾಗಿ ಬಂದ ಹಿರಿಯೂರಿನ ನಾಗಭೂಷಣ. ಪೇಟೆಯಲ್ಲಿ "ಗುಡ್ಡಪ್ಪ ಕಂಬಳಿ ಮಳಿಗೆ" ಅವನದು. ಅವನದು ಎಂದರೆ ಗಲ್ಲಾದಲ್ಲಿ ಕೂರುವವನು ಅವನು, ಪರವಾನಗಿ ಇರುವುದು ಅಣ್ಣ ಗುಡ್ಡಪ್ಪನ ಹೆಸರಿನಲ್ಲಿ. ಯಲ್ಲದಕೆರೆಯ ಕುರಿಗಾರರ ಮನೆತನ. ಗುಡ್ಡಪ್ಪ ನೂರಿಪ್ಪತ್ತು ಕರಿ ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ತಿರುಗುವವನು, ಅವನ ಹೆಂಡತಿ ಕಾಳಕ್ಕ ಊರ ಹೆಂಗಸರನ್ನು ಕಟ್ಟಿಕೊಂಡು ಉಣ್ಣೆ ನೂಲಿ ಕಂಬಳಿ ನೇಯುವವಳು. ಹದಿನೈದು ವರ್ಷದಿಂದ ಅಂಗಡಿ ನೋಡಿಕೊಂಡಿರುವ ನಾಗಭೂಷಣ ಇಸ್ತ್ರಿ ಅಂಗಿಯ ಮನುಷ್ಯ. ಕೆಟ್ಟವನಲ್ಲ, ಎಲ್ಲದಕ್ಕೂ ಅವಸರ ಅಷ್ಟೇ.

ಪರಿಚಯ ಪತ್ರವನ್ನು ಅವನು ಒಂದೇ ದಿನಕ್ಕೆ ತುಂಬಿ ಕಳಿಸಿದ. ಬೀಗದ ಕೈ ಪಟ್ಟಿಗೆ ಬಂದಾಗ ಗಾಡಿ ನಿಂತಿತು. ಅಂಗಡಿಯ ಫೇಸ್‌ಬುಕ್ ಪೇಜು, ಮ್ಯಾಪಿನಲ್ಲಿರುವ ಅಂಗಡಿ ಎರಡೂ ಒಂದೇ ಈಮೇಲಿಗೆ ನೇತುಬಿದ್ದಿದ್ದವು. ಅದನ್ನೆಲ್ಲ ಮಾಡಿಕೊಟ್ಟವನು ಅಕ್ಕನ ಮಗ ದುರುಗೇಶ್, ಈಗ ಹೊಸದುರ್ಗ ಡಿಪೋದಲ್ಲಿ ಕಂಡಕ್ಟರ್. ಪಾಸ್‌ವರ್ಡ್ ಅವನಿಗೆ ಮರೆತುಹೋಗಿತ್ತು. ಹೊಸದು ಮಾಡಿಕೊಳ್ಳೋಣವೆಂದರೆ ಗುಟ್ಟಿನ ಸಂಖ್ಯೆ ಹೋಗುವುದು ಗುಡ್ಡಪ್ಪನ ಗುಂಡಿ ಫೋನಿಗೆ. ರೇಷನ್ ಕಾರ್ಡು, ಪಹಣಿ, ಕರೆಂಟ್ ಬಿಲ್ಲು ಎಲ್ಲ ಹಿರಿಯನ ಹೆಸರಿಗೆ ಇರುವ ಮನೆಯಲ್ಲಿ ಈಮೇಲಿಗೂ ಹಿರಿಯನ ನಂಬರೇ ಕೊಟ್ಟಿದ್ದರು.

ನಾಗಭೂಷಣ ಉಚ್ಚಂಗಮ್ಮನ ಆಫೀಸಿನಲ್ಲೇ ಕೂತು, ಎಲ್ಲರಿಗೂ ಕೇಳುವ ಹಾಗೆ ಅಣ್ಣನಿಗೆ ಫೋನ್ ಹಚ್ಚಿದ. "ಅಣ್ಣ, ಈಗೊಂದು ನಂಬರ್ ಬರ್ತತೆ, ಹೇಳು."

"ಯಾರಿಗೂ ಹೇಳ್ಬ್ಯಾಡ ಅಂತ ಬ್ಯಾಂಕಿನೋರು ಹೇಳ್ಯಾರೆ" ಎಂದ ಗುಡ್ಡಪ್ಪ.

"ನಾನು ನಿನ್ನ ತಮ್ಮ ಕಣಣ್ಣ."

"ಫೋನಿನಾಗೆ ಎಲ್ರೂ ತಮ್ಮನೇ" ಎಂದು ಅವನು ಇಟ್ಟುಬಿಟ್ಟ.

ಇದನ್ನು ಕೇಳಿದ ಉಚ್ಚಂಗಮ್ಮನಿಗೆ ಆ ಮನುಷ್ಯನ ಮೇಲೆ ಅಲ್ಲೇ ಗೌರವ ಹುಟ್ಟಿತು. ತಾನು ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದನ್ನು ಅವನು ಓದದೆಯೇ ಪಾಲಿಸುತ್ತಿದ್ದ. "ನಾವೇ ಹೋಗಾಣ ನಾಗಭೂಷಣರೇ" ಎಂದಳು. "ಪರವಾನಗಿ ಅವರ ಹೆಸರಿನಾಗೈತೆ, ಬೀಗದ ಕೈಯೂ ಅವರತ್ರ ಐತೆ. ನೀವು ತುಂಬಿದ ಪತ್ರಾನ ಅವರಿಗೆ ಒಂದ್ಸಲ ಓದಿ ಹೇಳ್ಬೇಕು. ಅವರು ಒಪ್ಪಿದ ಮ್ಯಾಲೇ ಬೀಗ ತೆಗೆಯೋದು."

"ಅಣ್ಣಂಗೆ ಎಲ್ಲ ಹೇಳೀನಿ ಮೇಡಂ. ಹೂಂ ಅಂದಾನೆ."

ಉಚ್ಚಂಗಮ್ಮ ಮಾತಿನ ಕರಾರಿನ ನಾಲ್ಕನೇ ಸಾಲನ್ನು ಬೆರಳಿಟ್ಟು ತೋರಿಸಿದಳು. ನಾಗಭೂಷಣನ ಮುಖ ಗಂಟಿಕ್ಕಿತು. ಗಿರಾಕಿ ಈಗ ಹೋಗಿಬಿಡುತ್ತಾನೆ ಎಂದು ಪ್ರೀತಿ ಕಂಪ್ಯೂಟರಿನ ಹಿಂದಿನಿಂದಲೇ ಕೈ ಸನ್ನೆ ಮಾಡಿದಳು. ಇವಳು ನೋಡಿಯೂ ನೋಡದ ಹಾಗಿದ್ದಳು. ಕೊನೆಗೆ, ಹಾಳಾಗಿ ಹೋಗಲಿ ಎಂಬಂತೆ, ಅವನೇ ಗುರುವಾರ ಬರ್ರಿ ಎಂದ.

ಗುರುವಾರ ಅವಳು ಹಿರಿಯೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಾಗಭೂಷಣನ ಓಮ್ನಿಯಲ್ಲಿ ಯಲ್ಲದಕೆರೆ ಕಡೆ ಹೊರಟಳು. ಶೇಂಗಾ ಕಿತ್ತು ಖಾಲಿಯಾದ ಹೊಲದಲ್ಲಿ ಗುಡ್ಡಪ್ಪನ ಮಂದೆ ಮೇಯುತ್ತಿತ್ತು. ಮಧ್ಯಾಹ್ನದ ಬುತ್ತಿ ತಂದ ಕಾಳಕ್ಕ ಜಾಲಿ ಮರದ ಬುಡದಲ್ಲಿ ಕೂತಿದ್ದಳು. ಇವರನ್ನು ಕಂಡು ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದಳು. ಗುಡ್ಡಪ್ಪ ಉದ್ದನೆಯ ಒಣಕಲು ಆಳು. ಕೂರುವಾಗ ಮೊಣಕಾಲನ್ನು ಕೈಯಿಂದ ಹಿಡಿದು ಮಡಚಿದ. ಕೂತ ಮೇಲೂ ಕಣ್ಣು ಕುರಿಗಳ ಮೇಲೇ ಇತ್ತು.

ಉಚ್ಚಂಗಮ್ಮ ಪರಿಚಯ ಪತ್ರವನ್ನು ಒಂದೊಂದಾಗಿ ಓದಿದಳು. ವ್ಯಾಪಾರದ ಹೆಸರು. "ಹೂಂ." ಅಂಗಡಿ ತೆರೆಯುವ ವೇಳೆ. "ಹೂಂ." ಕೊಳ್ಳುವವರು ಯಾರು, ಯಾವ ಊರಿನವರು. "ಹೂಂ, ಹೂಂ." ಕಥೆ ಹೇಳುವವರ ಎದುರು ಕೂತ ಮಕ್ಕಳ ಹಾಗೆ ಅವನು ಒಂದೇ ಸಮನೆ ಹೂಂಗುಟ್ಟಿದ. ನೋಡಿದ್ರಾ, ಎಷ್ಟು ಸಲೀಸು ಎಂಬಂತೆ ನಾಗಭೂಷಣ ಇವಳತ್ತ ನೋಡಿದ. ಒಂದೊಂದು ಹೂಂಗೂ ಇವಳಿಗೆ ಮುರುಗೇಶಪ್ಪನವರ ಹೂಂ ನೆನಪಾಗುತ್ತಿತ್ತು.

ಹದಿನಾಲ್ಕನೇ ಪ್ರಶ್ನೆ ಬಂತು. ಇನ್ನೆರಡು ವರ್ಷಕ್ಕೆ ನಿಮ್ಮ ವ್ಯಾಪಾರ ಹೇಗಿರಬೇಕು? ನಾಗಭೂಷಣನ ಉತ್ತರವನ್ನು ಓದಿದಳು: "ಕುರಿ ನಿಲ್ಲಿಸುವುದು. ಅಂಗಡಿ ದೊಡ್ಡದು ಮಾಡಿ ಎಲ್ಲ ತರದ ಮಾಲು ಇಡುವುದು."

"ಹೂಂ" ಎಂದ ಗುಡ್ಡಪ್ಪ.

ಅವಳು ಕಾಗದ ಕೆಳಗಿಟ್ಟಳು. "ಗುಡ್ಡಪ್ಪಾರೆ, ಈಗ ನಾನು ಓದಿದ್ದನ್ನ ನಿಮ್ಮ ಮಾತಿನಾಗೆ ಒಂದ್ಸಲ ಹೇಳ್ರಿ."

"ಅಣ್ಣ ಏನು ಇಸ್ಕೂಲ್ ಹುಡುಗನಾ ಮೇಡಂ" ಎಂದ ನಾಗಭೂಷಣ. ಅವನ ದನಿ ಗಟ್ಟಿಯಾಗಿತ್ತು.

ಗುಡ್ಡಪ್ಪನಿಗೇನೂ ಬೇಸರವಾಗಲಿಲ್ಲ. "ಹೇಳ್ತೀನಿ ಬಿಡಲೇ ನಾಗ. ಕುರಿ ನಿಲ್ಲಿಸ್ತೀವಿ ಅಂದ್ರಲ್ಲ ತಾಯಿ. ನಿಲ್ಲಿಸೋದೇ ನಮ್ಮ ಕೆಲ್ಸ. ಇವತ್ತು ರಾತ್ರಿ ಈ ಹೊಲದಾಗೆ ನಿಲ್ಲಿಸ್ತೀನಿ, ಸೋಮಾರದಿಂದ ಮಂಜುನಾಥನ ಹೊಲದಾಗೆ. ಎರಡು ವರ್ಷ ಏನು, ಹತ್ತು ವರ್ಷಕ್ಕೂ ನಿಲ್ಲಿಸ್ರಿ ಅನ್ನೋರು ಅವ್ರೆ. ನಮ್ಮ ಕುರಿ ಗೊಬ್ಬರ ಬಿದ್ದ ಹೊಲ ಚೆನ್ನಾಗಿ ಬೆಳೀತತೆ."

ಉಚ್ಚಂಗಮ್ಮನಿಗೆ ಒಂದು ಕ್ಷಣ ತಲೆಯೇ ಓಡಲಿಲ್ಲ. ಆಮೇಲೆ ತಿಳಿಯಿತು. ಗೊಬ್ಬರಕ್ಕಾಗಿ ರಾತ್ರಿ ಮಂದೆಯನ್ನು ರೈತರ ಹೊಲದಲ್ಲಿ ತಂಗಿಸುವುದಕ್ಕೆ ಕುರಿಗಾರರು ನಿಲ್ಲಿಸುವುದು ಎನ್ನುತ್ತಾರೆ. ಗುಡ್ಡಪ್ಪನ ಬಾಳೆಲ್ಲ ಆ ಮಾತಿನಲ್ಲೇ ಕಳೆದಿದೆ. ಅಂಗಡಿಯಲ್ಲಿ ಕೂತು ಕೂತು ನಾಗಭೂಷಣನಿಗೆ ಆ ಅರ್ಥವೇ ಮರೆತಿತ್ತು. ಅವನು ಬರೆದದ್ದು ಕುರಿ ಸಾಕುವುದನ್ನೇ ನಿಲ್ಲಿಸುವುದು ಎಂದು. ಫೋನಿನಲ್ಲಿ ಅಣ್ಣನಿಗೆ ಹೇಳಿದ್ದೂ ಅದನ್ನೇ. ಅಣ್ಣ ಹೂಂ ಎಂದದ್ದು ಮಾತ್ರ ಬೇರೆಯದಕ್ಕೆ.

ನಾಗಭೂಷಣ ಅವಳ ಕಣ್ಣು ತಪ್ಪಿಸಲಿಲ್ಲ, ಬೇಡಿಕೊಳ್ಳುವ ಹಾಗೆ ನೋಡಿದ. ಸುಮ್ಮನಿರಿ ಮೇಡಂ, ಮುಂದಿನ ಪ್ರಶ್ನೆ ಓದಿ ಎಂದು ಅವನ ಮುಖವೇ ಹೇಳುತ್ತಿತ್ತು. ಓದಿದರೆ ಆಯಿತು, ಪತ್ರಕ್ಕೆ ಗುಡ್ಡಪ್ಪನ ಹೆಬ್ಬೆಟ್ಟು ಬೀಳುತ್ತದೆ, ಬೀಗ ತೆರೆಯುತ್ತದೆ, ಆಫೀಸಿಗೆ ಮೂರನೇ ಗಿರಾಕಿ ಸಿಗುತ್ತಾನೆ. ಅವಳಿಗೂ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾಳೆ ಅಂಗಡಿಯ ಪೇಜಿನಲ್ಲಿ ಕುರಿ ಮಾರಾಟಕ್ಕಿವೆ ಎಂದು ಹಾಕುವವಳು ಯಾರು? ಇವಳೇ ತಾನೆ.

"ನಾಗಭೂಷಣರೇ, ಈ ಉತ್ತರ ನೀವು ಬರೆದದ್ದು. ಏನು ಅಂತ ನೀವೇ ಹೇಳ್ರಿ, ನಾನು ಹೇಳ್ಬಾರ್ದು" ಎಂದಳು.

ಅವನು ಕೈಯಲ್ಲಿದ್ದ ಓಮ್ನಿಯ ಕೀ ತಿರುಗಿಸುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ. "ಕುರಿ ಎಲ್ಲ ಮಾರಿಬಿಡಾಣ ಅಂತಣ್ಣ. ನಿನ್ನ ಮೊಣಕಾಲು ನೋಡಾಕಾಗ್ವಲ್ದು ನನ್ನ ಕೈಲಿ. ಹೊರಗಿನಿಂದ ಕಂಬಳಿ, ರಗ್ಗು ತರ್ಸಿ ಮಾರಿದ್ರಾತು. ನೀನು ಅಂಗಡ್ಯಾಗೆ ಕುಂತ್ಕಂಡಿರು."

ಕಾಳಕ್ಕ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಗುಡ್ಡಪ್ಪ ಕುರಿಗಳ ಕಡೆಯಿಂದ ಮೊದಲ ಸಲ ಕಣ್ಣು ತೆಗೆದು ತಮ್ಮನನ್ನು ನೋಡಿದ. "ನನ್ನ ಕೇಳ್ದೆನಲೇ?"

"ಹೋದ ತಿಂಗ್ಳೇ ಫೋನ್ ಮಾಡಿ ಹೇಳಿದ್ನಲ್ಲಣ್ಣ."

"ಹೇಳ್ದೆ. ನನ್ನ ಕೇಳ್ಲಿಲ್ಲ."

ಅಷ್ಟು ಹೇಳಿ ಅವನು ಕೋಲೂರಿ ಎದ್ದು, ಮೊಣಕಾಲು ಸರಿಮಾಡಿಕೊಂಡು ಮಂದೆಯ ಕಡೆ ನಡೆದುಹೋದ. ಹೆಬ್ಬೆಟ್ಟೂ ಬೀಳಲಿಲ್ಲ, ಬೀಗವೂ ತೆರೆಯಲಿಲ್ಲ.

ನಾಗಭೂಷಣ ಅವಳನ್ನು ವಾಪಸು ಹಿರಿಯೂರಿನ ಬಸ್ ನಿಲ್ದಾಣದ ಮುಂದೆ ಇಳಿಸಿ, "ಫಾರಂ ತುಂಬ್ಸಾಕೆ ಕರ್ದಿದ್ದು ಮೇಡಂ ನಿಮ್ಮನ್ನ. ಮನೆ ಒಡ್ಯಾಕಲ್ಲ" ಎಂದು ಗಾಡಿ ತಿರುಗಿಸಿಕೊಂಡು ಹೋದ. ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಉಚ್ಚಂಗಮ್ಮ ಅತ್ತಳು. ಇಷ್ಟು ದಿನ ಕೇಳದೆ ಹಾಕುತ್ತಾಳೆ ಎನ್ನುತ್ತಿದ್ದರು, ಇನ್ನು ಮೇಲೆ ಕೇಳಿ ಕೇಳಿ ಮನೆ ಒಡೆಯುತ್ತಾಳೆ ಎನ್ನುತ್ತಾರೆ. ಪಕ್ಕದ ಸೀಟಿನ ಅಜ್ಜಿ ಬಸ್ಸು ಆಗದೇನೋ ಎಂದುಕೊಂಡು ನಿಂಬೆಹಣ್ಣು ಕೊಟ್ಟಿತು.

ಮುಂದಿನ ವಾರ ಎರಡು ಸಲ ನಾಗಭೂಷಣನ ನಂಬರು ತೆಗೆದಳು, ಒತ್ತಲಿಲ್ಲ. "ನೀನು ಹದಿನೈದನೇದು ಓದಿದ್ರೆ ಮುಗೀತಿತ್ತು ಅಕ್ಕ" ಎಂದಳು ಪ್ರೀತಿ. ಉಚ್ಚಂಗಮ್ಮನಿಗೆ ರೇಗಿತು. ರೇಗಿದ್ದು ಅವಳ ಮಾತು ಸುಳ್ಳೆಂದಲ್ಲ. ಟೈಪಿಂಗ್ ಅಂಗಡಿಯ ಹಳೇ ಯಜಮಾನರು ದಾರಿಯಲ್ಲಿ ಸಿಕ್ಕಾಗ, ಕೆಲಸ ಇದೆಯಾ ಎಂದು ಕೇಳಲು ಹೋಗಿ, ಬರೀ ಆರೋಗ್ಯ ವಿಚಾರಿಸಿ ಬಂದಳು.

ಹತ್ತನೇ ದಿನ ಬೆಳಿಗ್ಗೆ ಮಹಡಿಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು. ಮುಂದೆ ಕಾಳಕ್ಕ, ಹಿಂದೆ ನಾಗಭೂಷಣ.

"ಮೂರು ದಿನ ಮಾತು ಬಿಟ್ಟಿದ್ರು ಅಣ್ಣ ತಮ್ಮ" ಎಂದು ಕಾಳಕ್ಕ ಕೂರುತ್ತಲೇ ಶುರುಮಾಡಿದಳು. "ನಾಕನೇ ದಿನ ಇವನೇ ಹೊಲಕ್ಕೆ ಬಂದು ಕುಂತ. ಯಾವ ಕಾಲಕ್ಕೂ ಕುರಿ ಕಡೆ ಬರ್ದೋನು ಎರಡು ರಾತ್ರಿ ಮಂದೆತಾವ ಮಲ್ಗಿದ. ಬೈದ್ರು, ಅತ್ರು, ಉಂಡ್ರು. ನಾನು ನಡುವೆ ಬಾಯಿ ಹಾಕ್ಲಿಲ್ಲ ನೋಡ್ರಿ."

ನಾಗಭೂಷಣ ಪರಿಚಯ ಪತ್ರ ತೆಗೆದು ಮೇಜಿನ ಮೇಲಿಟ್ಟ. ಹದಿನಾಲ್ಕನೇ ಉತ್ತರವನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದ: "ಅರ್ಧ ಮಂದೆ ಮಾರುವುದು, ಅರ್ಧ ಇರುವುದು. ಮಂದೆ ಕಾಯಲು ಒಬ್ಬ ಆಳು ಇಡುವುದು. ಹೊರಗಿನ ಕಂಬಳಿ ಅಂಗಡಿಗೆ ತರುವುದಿಲ್ಲ. ಎರಡು ವರ್ಷ ಆದ ಮೇಲೆ ಅಣ್ಣನನ್ನು ಕೇಳುವುದು." ಕೊನೆಯ ಒಪ್ಪಿಗೆ ಯಾರದು ಎಂಬ ಜಾಗದಲ್ಲಿ ತನ್ನ ಹೆಸರಿನ ಮೇಲೆ ಗೀಟು ಎಳೆದು ಗುಡ್ಡಪ್ಪ ಎಂದು ಬರೆದಿದ್ದ. ಕೆಳಗೆ ಅಣ್ಣನ ಹೆಬ್ಬೆಟ್ಟಿತ್ತು.

"ಓದಿ ಹೇಳ್ದೆ ಮೇಡಂ" ಎಂದ. "ತಿರುಗಿ ಹೇಳ್ಸಿದೆ ಕೂಡ." ಅವತ್ತಿನ ಮಾತಿಗೆ ತಪ್ಪಾಯಿತು ಎಂದೂ ಹೇಳಿದ, ನೆಲ ನೋಡಿಕೊಂಡು. ಉಚ್ಚಂಗಮ್ಮನ ಕಣ್ಣು ಮಂಜಾಯಿತು. ಟೀ ತರಿಸುವ ನೆಪದಲ್ಲಿ ಹೊರಗೆ ಹೋಗಿ ಒಂದು ನಿಮಿಷ ನಿಂತು ಬಂದಳು.

ಆಮೇಲಿನದು ಬರೀ ಕೆಲಸ. ನಾಗಭೂಷಣ ಹೊಲಕ್ಕೆ ಹೋಗಿ ಅಣ್ಣನ ಪಕ್ಕ ಕೂತು ಪಾಸ್‌ವರ್ಡ್ ಬದಲಾಯಿಸಿದ, ಗುಟ್ಟಿನ ಸಂಖ್ಯೆಯನ್ನು, ಅಂಕಿ ಮಾತ್ರ ಬಲ್ಲ ಗುಡ್ಡಪ್ಪನೇ ನೋಡಿ ಅವನ ಕಿವಿಯಲ್ಲಿ ಹೇಳಿದ. ದುರುಗೇಶನಿಗೆ ಫೋನ್ ಮಾಡಿ ತಿಳಿಸಿ ಅವನ ಹಳೇ ಪ್ರವೇಶ ತೆಗೆದರು. ಒಡೆತನ ಮನೆಯವರಿಗೇ ಉಳಿಯಿತು. ಉಚ್ಚಂಗಮ್ಮನನ್ನು ಎರಡೂ ಕಡೆ ಬರೀ ನೋಡಿಕೊಳ್ಳುವವಳಾಗಿ ಸೇರಿಸಿದರು. ಅವಳು ಪಟ್ಟಿಯ ಮನೆಗಳಿಗೆ ಒಂದೊಂದಾಗಿ ಟಿಕ್ ಹಾಕಿ ತಾರೀಖು ಬರೆದಳು. ಕೊನೆಯ ಮನೆ, ನಮ್ಮನ್ನು ತೆಗೆದ ದಿನ, ಅದೊಂದೇ ಖಾಲಿ. ಆ ಖಾಲಿ ಜಾಗ ಕಂಡು ಮಾತ್ರ ಅವಳಿಗೆ ಬೇಸರವಾಗಲಿಲ್ಲ.

ಮಾತಿನ ಕರಾರಿಗೆ ಒಂದು ಸಾಲು ಹೊಸದಾಗಿ ಸೇರಿತು. ಗುಡ್ಡಪ್ಪನಿಗೆ ಓದಲು ಬಾರದು, ಗುಂಡಿ ಫೋನಿನಲ್ಲಿ ಚಿತ್ರ ಬಾರದು. ಕಾಳಕ್ಕ ಸಂಜೆ ಬುತ್ತಿ ಒಯ್ಯುವಾಗ ತನ್ನ ಫೋನನ್ನೂ ಒಯ್ದು ಚಿತ್ರ ತೋರಿಸಬೇಕು. ಅವನು ಅದರಲ್ಲೇ ದನಿಯಲ್ಲಿ ಒಪ್ಪಿದೆ ಅಥವಾ ಒಪ್ಪಲ್ಲ ಎಂದು ಕಳಿಸಬೇಕು. ಮೂರು ದಿನದಲ್ಲಿ ಏನೂ ಬರದಿದ್ದರೆ ಒಮ್ಮೆ ನೆನಪಿಸುವುದು, ಆಮೇಲೂ ಬರದಿದ್ದರೆ ಹಾಕುವುದಿಲ್ಲ.

ಮೊದಲ ವಾರದ್ದು ಮೂರು ಚಿತ್ರ. ಕಾಳಕ್ಕನ ಮಗ್ಗದ್ದೊಂದು, ಅಂಗಡಿಯದೊಂದು, ಪೇಜಿನ ತಲೆಗೆ ಹಾಕಲು ಕುರಿ ಮಂದೆಯದೊಂದು. ಮಂದೆಯ ಚಿತ್ರವನ್ನು ಪ್ರೀತಿ ಎಲ್ಲೋ ಇಂಟರ್ನೆಟ್ಟಿನಿಂದ ತೆಗೆದಿದ್ದಳು, ಬಹಳ ಚೆನ್ನಾಗಿ ಕಂಡಿತ್ತು. ಮಂಗಳವಾರ ಮಧ್ಯಾಹ್ನ ಕಳಿಸಿದರು. ಸಂಜೆ ಏಳಕ್ಕೆ ಬಾಗಿಲು ಹಾಕುವ ಹೊತ್ತಿಗೆ ಉಚ್ಚಂಗಮ್ಮನ ಫೋನು ಸದ್ದು ಮಾಡಿತು. ಪ್ರೀತಿಗೂ ಕೇಳಲಿ ಎಂದು ಜೋರಾಗಿ ಹಾಕಿದಳು.

ಮೊದಲು ಕುರಿಗಳ ಸದ್ದು, ಎಲ್ಲಿ ಒತ್ತಬೇಕು ಎಂದು ಕಾಳಕ್ಕನನ್ನು ಕೇಳುವ ಸದ್ದು. ಆಮೇಲೆ ಗುಡ್ಡಪ್ಪನ ದನಿ. "ತಾಯಿ, ಮಗ್ಗದ್ದು ಒಪ್ಪಿದೆ. ಅಂಗಡೀದೂ ಒಪ್ಪಿದೆ. ಮೂರನೇದು..." ದನಿ ನಿಂತಿತು. ದೂರದಲ್ಲಿ ಕಾಳಕ್ಕ, ಹೇಳ್ರಿ ಪರ್ವಾಗಿಲ್ಲ ಎಂದದ್ದು ಕೇಳಿಸಿತು. "ಮೂರನೇದು ಒಪ್ಪಲ್ಲ. ಬಿಳೀ ಕುರಿ ಅವು, ನಮ್ಮವಲ್ಲ."

ಪ್ರೀತಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಇನ್ನೊಂದು ಬಂತು, ಬಹಳ ಚಿಕ್ಕದು. "ಒಪ್ಪಲ್ಲ ಅಂದ್ರೆ ಹಾಕಲ್ಲ ಅಲ್ವಾ ತಾಯಿ?"

ಐವತ್ತೆಂಟು ವರ್ಷದ ಗಂಡಸಿನ ದನಿಯಲ್ಲಿ ಬಂದ ಆ ಮಾತನ್ನು ಉಚ್ಚಂಗಮ್ಮ ಇನ್ನೊಮ್ಮೆ ಹಾಕಿ ಕೇಳಿದಳು. ಉತ್ತರ ಬರೆಯಲು ಹೋದವಳು ಅವನಿಗೆ ಓದಲು ಬಾರದೆಂದು ನೆನಪಾಗಿ ಅಳಿಸಿದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು.

"ಹಾಕಲ್ಲ ಗುಡ್ಡಪ್ಪಾರೆ."